ಮಾದೇವತ್ತೆಗೆ ಬೇಕಾಗಿದ್ದ ಮಾತಿಲ್ಲದ ಹಾಡು

ನಮ್ಮ ಬೀದಿಯ ಮಾದೇವತ್ತೆ ಸೆಕೆಂಡ್ ಪಿಯುಸಿ ಅರ್ಥಶಾಸ್ತ್ರದಲ್ಲಿ ಎರಡನೇ ಸಲ ಫೇಲಾದಾಗ ಅವರ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಟ್ಟವಳು ನಾನೇ. ಅದನ್ನು ಓದಿ ನಕ್ಕು ನಕ್ಕು ಅವರ ಮನೆಯ ಜಗಲಿಯಿಂದ ಕೆಳಗೆ ಬಿದ್ದವಳೂ ನಾನೇ. ಮೊಣಕೈ ತರಚಿತು. ಆದರೂ ನಗು ನಿಲ್ಲಲಿಲ್ಲ.

ಪ್ರಶ್ನೆ ಇಷ್ಟೇ: ಬೇಡಿಕೆಯ ನಿಯಮವನ್ನು ವಿವರಿಸಿ. ಮಾದೇವತ್ತೆಯ ಉತ್ತರ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು: 'ಇತರ ಅಂಶಗಳು ಸ್ಥಿರವಾಗಿರುವಾಗ ಬೆಲೆ ಏರಿದರೆ ಬೇಡಿಕೆಯೂ ಏರುತ್ತದೆ. ಏರಿ ನೂರಾಗುತ್ತದೆ. ನೂರು ಸಾವಿರವಾಗಿ ಮನೆ ತುಂಬುತ್ತದೆ.' ಮೌಲ್ಯಮಾಪಕರು 'ಮನೆ ತುಂಬುತ್ತದೆ' ಎನ್ನುವುದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಒಂದಲ್ಲ, ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

"ಯಾಕೆ ಕೂಸೇ ಅಂಗ್ ನಗ್ತೀಯೆ? ಸರ್ಯಾಗೇ ಬರ್ದಿವ್ನಲ್ಲ?" ಎಂದು ಅತ್ತೆ ಕೇಳಿದರು.

"ಅತ್ತೇ, ಬೆಲೆ ಏರಿದ್ರೆ ಬೇಡಿಕೆ ಇಳಿಯುತ್ತೆ! ಟೊಮ್ಯಾಟೊ ನೂರು ರೂಪಾಯಿ ಆದಾಗ ನೀವು ಎಷ್ಟು ತಗೊಂಡ್ರಿ?"

"ಕಾಲು ಕೇಜಿ."

"ಮತ್ತೆ?"

"ಮತ್ತೆ ಏನ್ ಮತ್ತೆ? ಅದು ಟೊಮ್ಯಾಟೊ. ಇದು ಪರೀಕ್ಸೆ."

ಇವರ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ಹುಚ್ಚಾಟದಂತೆ ಕಾಣುತ್ತದೆ. ಪೂರ್ತಿ ಹೆಸರು ಮಹದೇವಮ್ಮ. ವಯಸ್ಸು ನಲವತ್ತೆರಡು. ತವರು ತಿ. ನರಸೀಪುರ ತಾಲೂಕಿನಲ್ಲಿ, ಮುಡುಕುತೊರೆಯ ಕಡೆ. ಮದುವೆಯಾಗಿ ಬಂದಿದ್ದು ನಂಜನಗೂಡಿಗೆ, ನಮ್ಮ ಪಕ್ಕದ ಮನೆಗೆ. ಹದಿನಾರು ವರ್ಷದಿಂದ ನಮ್ಮ ವಾರ್ಡಿನ ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿ ಅಡುಗೆ ಮಾಡುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ಮೂಗು ಒರೆಸುವುದು, ಮಲಗಿಸುವುದು ಎಲ್ಲವೂ ಅವರದೇ. ನಾನೂ ಅವರು ಮೂಗು ಒರೆಸಿದ ಬ್ಯಾಚಿನವಳು. ಅಲ್ಲಿನ ಟೀಚರ್ ಚನ್ನಾಜಮ್ಮ ಮಿಸ್ ಈ ವರ್ಷದ ಕೊನೆಗೆ ನಿವೃತ್ತರಾಗುತ್ತಾರೆ. ಪಿಯುಸಿ ಪಾಸಾಗಿದ್ದರೆ ಮಾದೇವತ್ತೆಯೇ ಆ ಜಾಗಕ್ಕೆ ಅರ್ಜಿ ಹಾಕಬಹುದು. ಪಾಸಾಗದಿದ್ದರೆ ಬೇರೆ ಯಾರೋ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಅತ್ತೆ ಅವರಿಗೆ ಟೀ ಕಾಸಿ ಕೊಡಬೇಕು. ಎಲ್ಲ ವಿಷಯವೂ ಪಾಸಾಗಿದೆ, ಅರ್ಥಶಾಸ್ತ್ರ ಒಂದು ಉಳಿದಿದೆ. ಪರೀಕ್ಷೆ ಒಂದು ಹೋಯಿತು, ಪರೀಕ್ಷೆ ಎರಡು ಹೋಯಿತು, ಈ ವರ್ಷಕ್ಕೆ ಉಳಿದಿರುವುದು ಪರೀಕ್ಷೆ ಮೂರು ಮಾತ್ರ. ಅದಕ್ಕೆ ಮೂರೂವರೆ ವಾರವಿತ್ತು.

ಇನ್ನೊಂದು ಮುಖ್ಯ ವಿಷಯ. ಮಾದೇವತ್ತೆ ಸೋಬಾನೆ ಹಾಡುತ್ತಾರೆ. ಸುಮ್ಮನೆ ಹಾಡುವುದಲ್ಲ, ನಂಜನಗೂಡಿನಿಂದ ನರಸೀಪುರದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ 'ಮಾದೇವಮ್ಮನ್ನ ಕರೀರಿ' ಎನ್ನುತ್ತಾರೆ. ಅರಿಶಿನ ಕುಟ್ಟುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಹೆಣ್ಣು ಒಪ್ಪಿಸುವುದಕ್ಕೊಂದು. ತಲೆಯೊಳಗೆ ಎಷ್ಟು ಹಾಡಿದೆಯೋ ಅವರಿಗೇ ಗೊತ್ತಿಲ್ಲ. ಬಾಯಿ ತೆರೆದರೆ ಸಾಕು, ಬರುತ್ತದೆ.

ನಾನು ಉತ್ತರ ಪತ್ರಿಕೆಯ ಉಳಿದ ಪುಟಗಳನ್ನೂ ಓದಿದೆ. ಪೂರೈಕೆಯ ನಿಯಮ: ಬೆಲೆ ಏರಿದರೆ ಪೂರೈಕೆ ಏರುತ್ತದೆ. ಸರಿ, ಪೂರ್ತಿ ಅಂಕ. ರಾಷ್ಟ್ರೀಯ ಆದಾಯ ಹೆಚ್ಚುತ್ತದೆ. ಸರಿ. ಕೊರತೆ ಆಯವ್ಯಯ ಎಂದರೇನು? 'ಕೊರತೆ ಎಂಬುದು ಇಲ್ಲದಿರುವ ಆಯವ್ಯಯ.' ತಪ್ಪು. ಏರುವುದೆಲ್ಲ ಸರಿ, ಇಳಿಯುವುದೆಲ್ಲ ತಪ್ಪು. ವಿಚಿತ್ರ ಕಾಯಿಲೆ ಎನಿಸಿತು.

"ಅತ್ತೆ, ನೀವು ಹೇಗೆ ಓದ್ತೀರಾ? ತೋರ್ಸಿ ನೋಡೋಣ" ಎಂದೆ.

ತೋರಿಸಿದರು. ಹಾಲ್‌ನಲ್ಲಿ ನಾಗಯ್ಯ ಮಾವ ಧಾರಾವಾಹಿ ನೋಡುತ್ತಿದ್ದರು. ಟೆಂಪೋ ಓಡಿಸಿ ಓಡಿಸಿ ಅವರ ಕಿವಿ ಸ್ವಲ್ಪ ಮಂದ, ಹಾಗಾಗಿ ಟಿವಿಯಲ್ಲಿ ಸೊಸೆಯೊಬ್ಬಳು ಅತ್ತರೆ ಅದು ಬೀದಿಯ ಕೊನೆಯವರೆಗೂ ಕೇಳುತ್ತದೆ. ಆ ಗಲಾಟೆ ಮುಚ್ಚಲು ಮಾದೇವತ್ತೆ ಅಡುಗೆಮನೆಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿ, ಮದುವೆಗಳಲ್ಲಿ ತಮ್ಮದೇ ಗುಂಪು ಹಾಡಿದ ಸೋಬಾನೆಯ ರೆಕಾರ್ಡಿಂಗ್ ಹಚ್ಚಿಕೊಂಡು, ಅರ್ಥಶಾಸ್ತ್ರ ಓದುತ್ತಿದ್ದರು! ಓದುತ್ತಾ ತಾವೂ ಹಾಡುತ್ತಿದ್ದರು! ನನಗೆ ಕುಣಿಯುವಷ್ಟು ಖುಷಿಯಾಯಿತು, ಏಕೆಂದರೆ ಕಾಯಿಲೆ ಯಾವುದೆಂದು ತಕ್ಷಣ ಗೊತ್ತಾಯಿತು. ಅದೇ ಕಾಯಿಲೆ ನನಗೂ ಬಂದಿತ್ತು.

ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ. ಹೋದ ಸೆಮಿಸ್ಟರ್‌ನಲ್ಲಿ ಒಂದು ಪ್ರೇಮಗೀತೆಯನ್ನು ಕೇಳುತ್ತಾ ಕೋಡ್ ಬರೆದಿದ್ದೆ. ಲ್ಯಾಬ್‌ನಲ್ಲಿ ಮಲ್ಲಿಕಾರ್ಜುನ್ ಸರ್ ನನ್ನ ಸ್ಕ್ರೀನ್ ಮುಂದೆ ನಿಂತು, "ಬಿಂದುಶ್ರೀ, ಈ ಪ್ರೋಗ್ರಾಮಲ್ಲಿ 'ಟೋಟಲ್' ಅಂತ ಇರ್ಬೇಕಾದ ಜಾಗದಲ್ಲಿ 'ಚೆಲುವ' ಅಂತ ಯಾಕಮ್ಮ ಇದೆ?" ಎಂದು ಇಡೀ ಕ್ಲಾಸಿಗೆ ಕೇಳಿಸುವಂತೆ ಕೇಳಿದ್ದರು. ಅಂದಿನಿಂದ ಕೋಡ್ ಬರೆಯುವಾಗ ನಾನು ಬರೀ ವಾದ್ಯಸಂಗೀತ ಕೇಳುತ್ತೇನೆ. ನನ್ನ ಫೋನಿನಲ್ಲಿ ಅದಕ್ಕೇ ಒಂದು ಪಟ್ಟಿ ಇದೆ, ನಲವತ್ತು ಟ್ರ್ಯಾಕ್, ಒಂದರಲ್ಲೂ ಮನುಷ್ಯರ ಧ್ವನಿ ಇಲ್ಲ.

ಅತ್ತೆಗೆ ವಿವರಿಸಿದೆ. "ನಾವು ಓದುವಾಗ ಬಾಯಿ ಮುಚ್ಚಿದ್ರೂ ಒಳಗೊಂದು ದನಿ ಆ ಪದಗಳನ್ನ ಹೇಳ್ತಾ ಇರುತ್ತೆ, ಗೊತ್ತಾ? ಹಾಡಿನಲ್ಲೂ ಪದ ಇರುತ್ತೆ. ಅದೂ ಅದೇ ಬಾಗಿಲಲ್ಲಿ ಒಳಗೆ ಬರ್ಬೇಕು. ಗೊತ್ತಿರೋ ಭಾಷೆ ಆದ್ರೆ ಕಿವಿ ಬೇಡ ಅಂದ್ರೂ ಅರ್ಥ ಆಗ್ಬಿಡುತ್ತೆ. ಎರಡೂ ಒಟ್ಟಿಗೆ ನುಗ್ಗಿದ್ರೆ ಸಿಕ್ಕಾಕೊಳ್ತವೆ."

"ಸಂತೆ ದಿನ ನರಸೀಪುರದ ಬಸ್ಸಿಗೆ ಅತ್ತೋರು ಇಳ್ಯೋರು ಒಂದೇ ಬಾಗ್ಲಲ್ಲಿ ನುಗ್ದಂಗೆ."

"ಅದೇ! ಪದ ಇಲ್ದಿರೋ ಸಂಗೀತ ಆದ್ರೆ ಬಾಗಿಲು ಖಾಲಿ. ಟಿವಿ ಮಾತೂ ಮುಚ್ಚಿಹೋಗುತ್ತೆ. ಆದ್ರೆ ಅದ್ರಿಂದ ಬುದ್ಧಿ ಏನೂ ಹೆಚ್ಚಾಗಲ್ಲ, ಅಡ್ಡ ಬರಲ್ಲ ಅಷ್ಟೇ. ನಿಜ ಹೇಳ್ಬೇಕಂದ್ರೆ ನಿಶ್ಶಬ್ದ ಇದ್ರೆ ಅದೇ ಒಳ್ಳೇದು."

"ನಿಸ್ಸಬ್ದ?" ಅತ್ತೆ ಹಾಲ್ ಕಡೆ ನೋಡಿದರು. ಟಿವಿಯಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಹೊಡೆದರು, ಮೂರು ಸಲ, ಮೂರು ಕೋನದಿಂದ. "ನಿನ್ ಮಾವ ಬದ್ಕಿರಗಂಟ ಈ ಮನೇಲಿ ಅದಾಗಾಕಿಲ್ಲ ಕಣವ್ವ. ಪದ ಇಲ್ದಿರಾದೇ ಕೊಡು."

ಅವರು ನಂಬಲಿ ಎಂದು ಒಂದು ಪರೀಕ್ಷೆಯನ್ನೂ ಮಾಡಿದೆ. ಪುಸ್ತಕದಿಂದ ಹತ್ತು ಸಾಲು ನೋಡಿಕೊಂಡು ಬರೆಯಬೇಕು. ಸೋಬಾನೆ ಕೇಳುತ್ತಾ ಬರೆದಾಗ ಏಳು ತಪ್ಪು, ಅದರಲ್ಲಿ 'ಬಂಡವಾಳ' ಎಂಬುದು 'ಬಳೆಗಾರ' ಆಗಿತ್ತು. ಇಯರ್‌ಫೋನ್ ತೆಗೆದು ನಮ್ಮ ಮನೆಯ ಟೆರೇಸ್ ಮೇಲೆ ಬರೆದಾಗ ಒಂದೇ ತಪ್ಪು. "ಅಯ್ಯೋ ನಮ್ಮಪ್ಪ, ಬಳೆಗಾರ ಎಲ್ಲಿಂದ ಬಂದ?" ಎಂದು ಅತ್ತೆಯೇ ಗಾಬರಿಯಾದರು.

ಮರುದಿನದಿಂದ ಚಿಕಿತ್ಸೆ ಶುರು. ಇಲ್ಲಿ ನಾನು ದೊಡ್ಡ ಡಾಕ್ಟರ್ ತರಹ ನಡೆದುಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಔಷಧಿ, ಹಳೆಯ ಸಿನಿಮಾ ಹಾಡುಗಳನ್ನು ಕೊಳಲಿನಲ್ಲಿ ನುಡಿಸಿದ್ದು. ಪದವಿಲ್ಲ, ಮಧುರವಾಗಿದೆ, ಇನ್ನೇನು ಬೇಕು? ಎರಡು ನಿಮಿಷಕ್ಕೆ ಅಡುಗೆಮನೆಯಿಂದ ಪೂರ್ತಿ ಪಲ್ಲವಿ ಕೇಳಿಬಂತು. ಓಡಿಹೋದೆ.

"ಅತ್ತೆ, ಅದರಲ್ಲಿ ಪದಾನೇ ಇಲ್ಲ!"

"ಇಲ್ಲ, ಅದ್ಕೇ ನಾನು ಆಕ್ತಾ ಇವ್ನಿ. ಪಾಪ ಯಾರೋ ಮರ್ತುಬುಟ್ಟವ್ರೆ."

ಆಗ ಹೊಳೆಯಿತು. ಗೊತ್ತಿರುವ ರಾಗವಾದರೆ ವಾದ್ಯ ನುಡಿಸಿದರೂ ಪದ ನೆನಪಿನಿಂದ ಎದ್ದು ಬರುತ್ತದೆ. ಬಾಗಿಲು ಖಾಲಿ ಇಲ್ಲ, ಪ್ರಯಾಣಿಕರು ಒಳಗಿಂದಲೇ ನುಗ್ಗುತ್ತಿದ್ದಾರೆ. ನನಗೆ ಇದು ಮೊದಲೇ ಗೊತ್ತಿರಬೇಕಿತ್ತು.

ಎರಡನೆಯ ಔಷಧಿ, ಕೊರಿಯಾದ ಹಾಡು. ಭಾಷೆಯೇ ಗೊತ್ತಿಲ್ಲದಿದ್ದರೆ ಪದ ಹೇಗೆ ಅಡ್ಡ ಬರುತ್ತದೆ? ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದರೆ ಅತ್ತೆ ಪುಸ್ತಕ ಮುಚ್ಚಿ, ಕೆನ್ನೆಗೆ ಕೈಯಿಟ್ಟು ಕೂತಿದ್ದರು.

"ಈ ಐಕ್ಳಿಗೆ ಏನಾಗದೆ ಬಿಂದು? ಇಷ್ಟ್ ಸಂಕ್ಟದಲ್ಲಿ ಏನೋ ಯೋಳ್ತಾವ್ನೆ. ಅವ್ರವ್ವ ಓಗ್ಬುಟ್ಲಾ?"

"ಇಲ್ಲ ಅತ್ತೆ, ಅದು ಡ್ಯಾನ್ಸ್ ಹಾಡು."

"ಡ್ಯಾನ್ಸಾ? ಅಂಗಾರೆ ಯಾಕ್ ಅಳ್ತಾವ್ನೆ? ಉಂಡವ್ನೋ ಇಲ್ವೋ."

ಅರ್ಥವಾಗದ ಭಾಷೆ ಅರ್ಥವಾಗುವ ಭಾಷೆಯಷ್ಟು ಕಾಟ ಕೊಡುವುದಿಲ್ಲವೇನೋ, ಆದರೆ ಮನುಷ್ಯರ ಗಂಟಲು ಗಂಟಲೇ. ಅತ್ತೆಯಂಥವರು ಅದರ ಹಿಂದೆ ಹೋಗಿ ಊಟ ವಿಚಾರಿಸಿಕೊಂಡು ಬರುತ್ತಾರೆ. ಅದನ್ನೂ ಬಿಟ್ಟೆವು.

ಮೂರನೆಯದು ನನ್ನ ಪಟ್ಟಿಯ ರತ್ನ. ಮೆಲ್ಲಗಿನ ಪಿಯಾನೊ, ಹಿಂದೆ ಸಣ್ಣ ತಾಳ, ಯಾರೂ ಕೇಳಿರದ ರಾಗ. ನಾನು ಇದನ್ನು ಹಾಕಿಕೊಂಡು ಮೂರು ಗಂಟೆ ಕೋಡ್ ಬರೆದಿದ್ದೇನೆ. ಅತ್ತೆ ಹದಿನೈದು ನಿಮಿಷ ತುಟಿ ಪಿಟಕ್ಕೆನ್ನದೆ ಓದಿದರು! ನಾನು ಬಾಗಿಲ ಸಂದಿನಲ್ಲಿ ನಿಂತು ಕೈ ಮುಗಿದೆ. ಹದಿನಾರನೆಯ ನಿಮಿಷಕ್ಕೆ ಅತ್ತೆಯ ತಲೆ ಅಲ್ಲಾಡತೊಡಗಿತು. ಹದಿನೆಂಟಕ್ಕೆ ಬೆರಳು ಪುಸ್ತಕದ ಮೇಲೆ ತಾಳ ಹಾಕಿತು. ಇಪ್ಪತ್ತಕ್ಕೆ,

"ಬೆಲೆಯೆಂಬ ಬಳ್ಳಿಯು ಏರ್ಯಾಳೆ ಸೋಬಾನೆ,
ಬೇಡಿಕೆ ಹೂವಾಗಿ ಏರ್ಯಾಳೆ ಸೋಬಾನೆ!"

ನಾನು ನೆಲದ ಮೇಲೆ ಕೂತುಬಿಟ್ಟೆ. ಪಿಯಾನೊಗೆ ಸೋಬಾನೆ! ಗೊತ್ತಿಲ್ಲದ ರಾಗ ಕೊಟ್ಟರೆ ಹೊಸ ಪದ ಕಟ್ಟುತ್ತಾರೆ. ಹಾಡು ಕಟ್ಟುವವರಿಗೆ ಖಾಲಿ ರಾಗವೆಂದರೆ ಖಾಲಿ ಕುಕ್ಕೆ, ತುಂಬದೆ ಬಿಡಲಾರರು. ಆದರೆ ಇನ್ನೊಂದು ಗುಟ್ಟೂ ಅಲ್ಲೇ ಬಯಲಾಯಿತು.

"ಅತ್ತೆ, ಹಾಡ್ಕೊಂಡೇ ಕಲೀತೀರಾದ್ರೆ ಕಲೀರಿ. ಆದ್ರೆ ಬೇಡಿಕೆ ಇಳಿಯುತ್ತೆ ಅಂತ ಹಾಡಿ. 'ಇಳಿದಾಳೆ ಸೋಬಾನೆ.'"

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ತೂ! ಬುಡ್ತು ಅನ್ನು! ಸೋಬಾನ್ದಲ್ಲಿ 'ಇಳೀತು', 'ಕಮ್ಮಿ ಆಯ್ತು', 'ಕೊರ್ತೆ' ಅಂತ ಅನ್ನಂಗಿಲ್ಲ ಕಣೇ. ಒಳ್ಳೇ ಕಾರ್ಯದ ಆಡು ಅದು. ಎಲ್ಲಾ ಏರ್ಬೇಕು, ತುಂಬ್ಬೇಕು, ನೂರಾಗ್ಬೇಕು. ನಮ್ಮವ್ವ ಕಲ್ಸಿರಾದು ಅಂಗೇ."

ಅಯ್ಯೋ ದೇವರೇ! ಅದಕ್ಕೇ ಪೂರೈಕೆಯ ನಿಯಮ ಸರಿ, ಬೇಡಿಕೆಯ ನಿಯಮ ತಪ್ಪು! ಅದಕ್ಕೇ ಕೊರತೆ ಇಲ್ಲದ ಆಯವ್ಯಯ! ಹಾಡಿನೊಂದಿಗೆ ಬೆರೆಸಿ ಓದಿ ಓದಿ, ಅಶುಭವಾದುದನ್ನೆಲ್ಲ ಅತ್ತೆಯ ತಲೆ ತಾನಾಗಿಯೇ ಶುಭವಾಗಿ ತಿದ್ದಿಬಿಟ್ಟಿತ್ತು. ಒಂದು ದೇಶದ ಅರ್ಥವ್ಯವಸ್ಥೆಯನ್ನು ಇವರ ಕೈಗೆ ಕೊಟ್ಟರೆ ಅದು ಬೀಳುವುದೇ ಇಲ್ಲ. ಆದರೆ ಇವರು ಪಾಸಾಗುವುದೂ ಇಲ್ಲ.

ನಾಲ್ಕನೆಯದಾಗಿ ತಂಬೂರಿಯ ಶ್ರುತಿ ಹಾಕಿದೆ. ರಾಗವೇ ಇಲ್ಲ, ಒಂದೇ ನಾದ. ಅತ್ತೆ ಇಯರ್‌ಫೋನ್ ಹಾಕಿಕೊಂಡವರು ಗಂಟಲು ಸರಿಮಾಡಿಕೊಂಡು, "ಯಾವ ಆಡು ಎತ್ಕಳಣ?" ಎಂದರು. ಹಾಡುವವರಿಗೆ ಶ್ರುತಿ ಕೊಡುವುದೂ ಹಸಿದವರ ಮುಂದೆ ಎಲೆ ಹಾಕುವುದೂ ಒಂದೇ.

ಪರೀಕ್ಷೆಗೆ ಎರಡು ವಾರ ಉಳಿಯಿತು. ನಾನು ಹತಾಶಳಾದೆ. ಅತ್ತೆ ನನಗಿಂತ ಹತಾಶರಾದರು, ಅಂದರೆ ಆ ದಿನ ಅವರು ಏನೂ ಹಾಡಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಾ ಮೆಲ್ಲಗೆ ಹೇಳಿದರು. "ಇವತ್ತು ಚನ್ನಾಜಮ್ಮ ಮಿಸ್ಸು, ನೀನು ಸ್ಟವ್ ಮುಂದೆ ಇದ್ರೇನೇ ಚೆಂದ ಬುಡು ಮಾದೇವಮ್ಮ ಅಂದ್ರು. ತಮಾಸೆಗೇ ಅಂದಿದ್ದು. ಆದ್ರೂ." ಅಷ್ಟೇ. ಸಾಸಿವೆ ಚಟಪಟ ಎಂದಿತು. ನನಗೆ ಸಿಟ್ಟು ಬಂತು, ಏಕೆಂದರೆ ನಮ್ಮ ಬ್ಯಾಚಿಗೆ ಅ ಆ ಇ ಈ ಹಾಡಿ ಕಲಿಸಿದ್ದು ಮಿಸ್ ಅಲ್ಲ, ಅತ್ತೆ. ಮಿಸ್ ರಿಜಿಸ್ಟರ್ ಬರೆಯುತ್ತಿದ್ದರು.

ಆ ಭಾನುವಾರ ಅತ್ತೆಯ ತವರಿನ ಕಡೆಯ ಹುಡುಗಿಯ ಮದುವೆ, ತಿ. ನರಸೀಪುರದ ಒಂದು ಛತ್ರದಲ್ಲಿ. "ನೀನೂ ಬಾ, ನನ್ ಪುಸ್ತ್ಕ ಇಡ್ಕೊಂಡು ಬಸ್ಸಲ್ಲಿ ಪ್ರಸ್ನೆ ಕೇಳು" ಎಂದರು. ಹೋದೆ. ಬಸ್ಸಿನಲ್ಲಿ ಡ್ರೈವರ್ ಹಾಡು ಹಾಕಿದ್ದರಿಂದ ಆರು ಪ್ರಶ್ನೆಗೆ ಆರು ಪಲ್ಲವಿ ಉತ್ತರವಾಗಿ ಬಂತು.

ಛತ್ರದಲ್ಲಿ ಹುಡುಗಿಗೆ ಬಳೆ ತೊಡಿಸುವ ಹೊತ್ತು. ನಂಜನಗೂಡಿನಲ್ಲಿ ಅತ್ತೆಯೇ ಮುಂದಾಳು, ಆದರೆ ತವರಿನಲ್ಲಿ ಅವರಿಗಿಂತ ಹಿರಿಯರು ದೊಡ್ಡತಾಯಮ್ಮ ಇದ್ದಾರೆ. ಎಂಬತ್ತು ದಾಟಿದವರು, ಬಾಯಲ್ಲಿ ಎರಡೇ ಹಲ್ಲು. ಅವರು ಒಂದು ಸಾಲು ಹೇಳುತ್ತಾರೆ, ಉಳಿದ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ಹಾಡುತ್ತಾರೆ. ಎಷ್ಟೋ ಮದುವೆಯಲ್ಲಿ ಇದನ್ನು ನೋಡಿದ್ದೆ, ಆದರೆ ಆವತ್ತೇ ಗಮನಿಸಿ ನೋಡಿದ್ದು. ದೊಡ್ಡತಾಯಮ್ಮ ಸಾಲಿನ ಕೊನೆಗೆ ಬಂದವರು 'ಬಳೆಯ ತೊಡಿಸೇ...' ಎಂದು ಎಳೆದರು. ಎಳೆದರು. ಇನ್ನೂ ಎಳೆದರು. ಹುಡುಗಿಯ ಕೈಯಲ್ಲಿ ಒಂದು ಬಳೆ ಸಿಕ್ಕಿಕೊಂಡಿತ್ತು, ಅದು ದಾಟುವ ತನಕ ಸಾಲು ಮುಗಿಸುವಂತಿರಲಿಲ್ಲ. ಮಾದೇವತ್ತೆ ಬಾಯಿ ತೆರೆದು ತಯಾರಾಗಿ ನಿಂತವರು ನಿಂತೇ ಇದ್ದರು! ಅಷ್ಟು ಹೊತ್ತು ಒಂದು ಸ್ವರ ಹೊರಡಿಸಲಿಲ್ಲ! ಮಾದೇವತ್ತೆ! ಸುಮ್ಮನೆ!

ಹಾಡು ಮುಗಿದ ಮೇಲೆ ಅವರ ಸೆರಗು ಹಿಡಿದು ಎಳೆದೆ. "ಅತ್ತೆ, ಅಷ್ಟೊತ್ತು ಯಾಕೆ ಸುಮ್ನೆ ಇದ್ರಿ?"

"ಆವಮ್ಮ ಸಾಲು ಮುಗ್ಸಿರ್ಲಿಲ್ವಲ್ಲ. ಮುಂದೆ ಯೋಳೋರು ಮುಗ್ಸೋಗಂಟ ಇಂದ್ಲೋರು ಬಾಯಿ ಆಕ್ಬಾರ್ದು."

"ಅವ್ರು ಮುಗಿಸ್ದೇ ಇದ್ರೆ?"

ದೊಡ್ಡತಾಯಮ್ಮನೇ ಎರಡು ಹಲ್ಲು ತೋರಿಸಿ ಹೇಳಿದರು. "ಮುಗಿಸ್ದೇ ಇದ್ರೆ ಕಾಯ್ಬೇಕು ಕಣ್ ಕೂಸೇ. ನಿಮ್ಮತ್ತೆ ಮದ್ವೇಲಿ ನಾನು ಎಳ್ದ ಸಾಲ್ಗೆ ಕಾಯ್ತಾ ಕಾಯ್ತಾ ಒಬ್ಳು ಎಲೆ ಅಡ್ಕೆ ಆಕ್ಕೊಂಡು ಉಗ್ದು ಬಂದ್ಳು."

ನಾನು ಊಟಕ್ಕೂ ಕೂರಲಿಲ್ಲ. (ಸುಳ್ಳು, ಕೂತೆ, ಪಾಯಸ ಎರಡು ಸಲ ಹಾಕಿಸಿಕೊಂಡೆ.) ಊಟ ಮಾಡುತ್ತಲೇ ಎಡಗೈಯಲ್ಲಿ ಫೋನ್ ಹಿಡಿದು ಹುಡುಕಿದೆ. ಪಿಯಾನೊದಲ್ಲಿ ಏನು ತಪ್ಪಾಗಿತ್ತೆಂದು ಈಗ ಗೊತ್ತಾಗಿತ್ತು. ಅದರಲ್ಲಿ ನಾಲ್ಕು ನಾಲ್ಕು ತಾಳಕ್ಕೆ ಸಾಲು ಮುಗಿಯುತ್ತಿತ್ತು, ಮುಗಿದಲ್ಲೆಲ್ಲ ಒಂದು ಸಣ್ಣ ಉಸಿರು. ಆ ಉಸಿರಿನ ಸಂದಿನಲ್ಲಿ ಅತ್ತೆ ನುಗ್ಗುತ್ತಿದ್ದರು. ತಂಬೂರಿಯಲ್ಲಿ ಯಾರೂ ಹಾಡುತ್ತಲೇ ಇರಲಿಲ್ಲ, ಮುಂದಾಳಿನ ಜಾಗವೇ ಖಾಲಿ, ಅತ್ತೆ ಅಲ್ಲಿ ಹೋಗಿ ನಿಂತರು. ನನಗೆ ಬೇಕಾಗಿದ್ದು ಪದವೂ ಇಲ್ಲದ, ತಾಳವೂ ಇಲ್ಲದ, ಆದರೆ ಯಾರೋ ಒಂದು ಸಾಲು ಶುರು ಮಾಡಿ ಮುಗಿಸದೇ ಇರುವ ಸಂಗೀತ. ಅಂಥದ್ದು ನನ್ನ ಪಟ್ಟಿಯಲ್ಲೇ ಕೊನೆಗಿತ್ತು. ಒಂದು ಗಂಟೆ ಉದ್ದ, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ್ದು. ಒಂದು ಸ್ವರ ಮೆಲ್ಲಗೆ ಏಳುತ್ತದೆ, ಅದು ಆರುವ ಮೊದಲೇ ಇನ್ನೊಂದು ಬಂದು ಅದರೊಳಗೆ ಕರಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನನಗೆ ಅದು ನೀರಿನಲ್ಲಿ ಮಲಗಿದ ಎಮ್ಮೆಯನ್ನು ನೆನಪಿಸುತ್ತದೆ, ನಿದ್ದೆ ಬರುತ್ತದೆ ಎಂದು ಪಕ್ಕಕ್ಕಿಟ್ಟಿದ್ದೆ.

ಸೋಮವಾರ ಸಂಜೆ ಅಡುಗೆಮನೆಯಲ್ಲಿ ಅದನ್ನು ಹಾಕಿದೆ, ವಾಲ್ಯೂಮ್ ಸಣ್ಣದಾಗಿ, ಟಿವಿಯ ಮಾತು ಮಸುಕಾಗುವಷ್ಟು ಮಾತ್ರ.

ಅತ್ತೆ ಕೇಳಿದರು. ತಲೆ ಓರೆ ಮಾಡಿದರು. ಬಾಯಿ ತೆರೆದರು. ಬಾಯಿ ಮುಚ್ಚಿದರು. ಮತ್ತೆ ತೆರೆದರು.

"ಇವ್ಳು ಯಾರೇ ಇದು? ಸಾಲು ಮುಗಿಸ್ತಾನೇ ಇಲ್ವಲ್ಲ! ನಾನೆಲ್ಲಿ ಎತ್ಕಳಾದು?"

"ಮುಗಿಸೋವರೆಗೂ ಕಾಯ್ಬೇಕು ಅತ್ತೆ."

"ಎಷ್ಟೊತ್ತು?"

"ಒಂದು ಗಂಟೆ."

"ಒಂದು ಗಂಟೆ ಉಸ್ರು ಇಡ್ದಿದ್ದಾಳಾ? ಗಟ್ಟಿ ಎಂಗ್ಸು ಬುಡು." ಅತ್ತೆ ಗೌರವದಿಂದ ಕಾಲು ಮಡಿಸಿ ಸರಿಯಾಗಿ ಕೂತರು. "ಸರಿ, ಕಾಯ್ತೀನಿ. ಅಲ್ಲೀಗಂಟ ಸುಮ್ಕೆ ಯಾಕ್ ಕೂರಾದು, ಓದ್ತೀನಿ."

ಓದಿದರು! ಐವತ್ತೆಂಟು ನಿಮಿಷ! ಹಾಲ್‌ನಿಂದ ನಾಗಯ್ಯ ಮಾವ ಟಿವಿ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ಇಣುಕಿದರು. "ಏನ್ ಕೂಸೇ, ನಿಮ್ಮತ್ತೆ ಸಬ್ದಾನೇ ಇಲ್ಲ? ಜ್ವರ ಗಿರ ಬಂದದಾ?" ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರ ಅಡುಗೆಮನೆ ಅಷ್ಟು ಹೊತ್ತು ಸುಮ್ಮನಿದ್ದಿದ್ದೇ ಇಲ್ಲವಂತೆ. ಆತಂಕದಲ್ಲಿ ಟಿವಿಯ ವಾಲ್ಯೂಮ್ ಕೂಡ ಇಳಿಸಿದರು.

ಟ್ರ್ಯಾಕ್ ಮುಗಿದಾಗ ಪುಸ್ತಕ ಕಿತ್ತುಕೊಂಡು ಕೇಳಿದೆ, "ಬೆಲೆ ಏರಿದ್ರೆ ಬೇಡಿಕೆ?"

ಅತ್ತೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕೆಟ್ಟ ಮಾತು ಹೇಳುವವರಂತೆ ದನಿ ತಗ್ಗಿಸಿ, "ಇಳೀತದೆ" ಎಂದರು. ಆಮೇಲೆ ನೆಲ ಮುಟ್ಟಿ ಬೆರಳು ಹಣೆಗೆ ಒತ್ತಿಕೊಂಡರು.

ಹತ್ತು ದಿನ ಹೀಗೇ ನಡೆಯಿತು. ಕೊರತೆ, ಸವಕಳಿ, ನಿರುದ್ಯೋಗ, ಎಲ್ಲ ಅಶುಭ ಪದಗಳೂ ಒಂದೊಂದಾಗಿ ಬಾಯಿಗೆ ಬಂದವು. ಕೊನೆಯ ನಾಲ್ಕು ದಿನ ನಾನು ಇಯರ್‌ಫೋನನ್ನೂ ಕಿತ್ತುಕೊಂಡೆ, ಏಕೆಂದರೆ ಪರೀಕ್ಷೆಯ ಕೊಠಡಿಯಲ್ಲಿ ಸಿಂಥಸೈಜರ್ ಇರುವುದಿಲ್ಲ. ನಾಗಯ್ಯ ಮಾವನಿಗೆ ನನ್ನದೊಂದು ಹಳೆಯ ಹೆಡ್‌ಫೋನ್ ಕೊಟ್ಟು ಟಿವಿಗೆ ಜೋಡಿಸಿದೆ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನನ್ನಮ್ಮ ಕೇಳಿದರು. ಅಮ್ಮಂದಿರು ಇಂಥದ್ದನ್ನೆಲ್ಲ ಯಾಕೆ ಕೇಳುತ್ತಾರೋ.

ಪರೀಕ್ಷೆಯ ದಿನ ನಾನು ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಏನಾಯಿತು ಎನ್ನುವುದನ್ನು ಹೇಳಿದ್ದು ಶಿವು. ಅವನು ನಮ್ಮ ಹಿಂದಿನ ಬೀದಿಯವನು, ಅದೇ ವಿಷಯ, ಅದೇ ಕೊಠಡಿ. ಬೆವರಿನಲ್ಲಿ ಮಿಂದು ಹೊರಗೆ ಬಂದವನೇ ನನ್ನ ಮೇಲೆ ಕೂಗಾಡಿದ.

"ಏನೇ ಬಿಂದು, ಏನ್ ಕಲ್ಸಿ ಕಳ್ಸಿದ್ದೀಯ ನಿಮ್ಮತ್ತೆಗೆ? ಫ್ಯಾನ್ ಆಫ್ ಮಾಡ್ಸಾಕ್ ನಿಂತ್ಕೊಂಡ್ಬುಟ್ರು!"

ಆಗಿದ್ದು ಇಷ್ಟು. ಅತ್ತೆಯ ತಲೆಯ ಮೇಲೆ ನೇರವಾಗಿ ಒಂದು ಹಳೆಯ ಫ್ಯಾನು. ಅದು ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದು, ನಾಲ್ಕನೆಯದಕ್ಕೆ ಕಿರ್ರ್ ಎಂದು ಉಸಿರು ಬಿಡುತ್ತಿತ್ತಂತೆ. ಬಳೆ ಹಾಡಿನ ತಾಳ, ಸಾಲು ಮುಗಿಯುವ ಜಾಗ ಸಮೇತ! ಅತ್ತೆ ಐದು ನಿಮಿಷ ತಡೆದುಕೊಂಡು ಎದ್ದು ನಿಂತರಂತೆ.

"ಮೇಡಮ್ಮೋರೇ, ಈ ಫ್ಯಾನು ಆರ್ಸಿ. ಇದು ನನ್ನ 'ಆಡು ಬಾ' ಅಂತ ಕರೀತಾ ಅದೆ."

ಮೇಲ್ವಿಚಾರಕಿ ಕಣ್ಣು ಬಿಟ್ಟರು. ಹಿಂದಿನ ಬೆಂಚಿನ ಹುಡುಗರು, "ಬ್ಯಾಡಿ ಮೇಡಮ್, ಸತ್ತೋಯ್ತೀವಿ ಸೆಕೆಗೆ" ಎಂದು ಬೊಬ್ಬೆ ಹೊಡೆದರು. ಶಿವುವೂ ಹೊಡೆದನಂತೆ.

"ನಿಮ್ಗೆ ಸೆಕೆ ಅಷ್ಟೇ ಕಣ್ರಪ್ಪ," ಎಂದರಂತೆ ಅತ್ತೆ, "ಇದು ತಿರುಗ್ತಿದ್ರೆ ನಾನು ಬೇಡ್ಕೆ ಏರುಸ್ಬುಡ್ತೀನಿ."

ಕೊನೆಗೆ ಮೇಲ್ವಿಚಾರಕಿಯೇ ಅವರನ್ನು ಮೂಲೆಯ ಕಿಟಕಿಯ ಪಕ್ಕದ ಖಾಲಿ ಬೆಂಚಿಗೆ ಕಳಿಸಿದರು. ಅಲ್ಲಿ ಫ್ಯಾನಿನ ಸದ್ದು ಕೇಳುತ್ತಿರಲಿಲ್ಲ, ಅದರ ಗಾಳಿಯೂ ಬರುತ್ತಿರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೊನೆಯ ಬೆಲ್ಲಿನವರೆಗೂ ತಲೆ ಎತ್ತದೆ ಬರೆದರಂತೆ.

ಅವರು ಹೊರಗೆ ಬಂದಾಗ ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು. "ಬೇಡ್ಕೆ ನಿಯ್ಮ ಬಂದಿತ್ತು. ಇಳ್ಸಿವ್ನಿ. ಕೊರ್ತೆನೂ ಬಂದಿತ್ತು, ಕೊರ್ತೆ ಅಂತಾನೇ ಬರ್ದೆ. ನಮ್ಮವ್ವ ಮೇಲಿಂದ ನೋಡ್ತಿದ್ರೆ ಬೈಯ್ಕೊಂಡಿರ್ತಾಳೆ."

ಫಲಿತಾಂಶ ಬಂದ ಮಧ್ಯಾಹ್ನ ನಾನು ಕಾಲೇಜು ತಪ್ಪಿಸಿ ಅಂಗನವಾಡಿಗೇ ಓಡಿದೆ. ಮಕ್ಕಳು ಊಟ ಮುಗಿಸಿ ಸಾಲಾಗಿ ಮಲಗಿದ್ದವು. ಅತ್ತೆ ಪಾತ್ರೆ ತೊಳೆಯುತ್ತಿದ್ದರು, ಚನ್ನಾಜಮ್ಮ ಮಿಸ್ ಕುರ್ಚಿಯಲ್ಲಿ ಕೂತು ರಿಜಿಸ್ಟರ್‌ಗೆ ಗೆರೆ ಹಾಕುತ್ತಿದ್ದರು. ಮೂವರೂ ನನ್ನ ಫೋನಿನ ಮೇಲೆ ಬಗ್ಗಿದೆವು. ಅತ್ತೆಯ ಕೈಯಿಂದ ಸೋಪಿನ ನೀರು ಸ್ಕ್ರೀನ್ ಮೇಲೆ ತೊಟ್ಟಿಕ್ಕಿತು, ನಾನು ಒರೆಸಿದೆ, ಅರ್ಥಶಾಸ್ತ್ರದ ಮುಂದೆ ಐವತ್ತೊಂದು ಕಾಣಿಸಿತು. ಕೆಳಗೆ 'ಪಾಸ್'.

ನಾನು ಕಿರುಚಿದೆ. ನಾಲ್ಕು ಮಕ್ಕಳು ಎದ್ದು ಅಳತೊಡಗಿದವು. ಅತ್ತೆ ಮಾತ್ರ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು, ಒಣಗಿದ ಮೇಲೂ.

ಚನ್ನಾಜಮ್ಮ ಮಿಸ್ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಐವತ್ತೊಂದಾ? ಸರ್ಯಾಗ್ ನೋಡೇ ಬಿಂದು, ಹದಿನೈದು ಇರ್ಬೇಕು."

"ಐವತ್ತೊಂದೇ ಮಿಸ್."

ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಎಕನಾಮಿಕ್ಸಲ್ಲಿ ನನ್ಗೇ ಮೂವತ್ತಾರು ಬಂದಿದ್ದು," ಎಂದು ಗೊಣಗಿ, ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ ತೆಗೆದು, ಕುರ್ಚಿಯಿಂದ ಎದ್ದರು. "ಬಾ ಮಾದೇವಮ್ಮ, ಕೂತ್ಕೊ ಇಲ್ಲಿ. ಅರ್ಜಿ ಬರಿ. 'ಇವರಿಗೆ' ಅಂತ ಶುರು ಮಾಡು." ಅಳುವ ಮಕ್ಕಳಲ್ಲಿ ಇಬ್ಬರನ್ನು ಎರಡು ಕಂಕುಳಿಗೂ ಏರಿಸಿಕೊಂಡು ನನ್ನ ಕಡೆ ತಿರುಗಿ ಗದರಿದರು. "ನೀನ್ಯಾಕೆ ಹಲ್ಲು ಬಿಡ್ಕೊಂಡು ನಿಂತಿದ್ದೀಯ? ಪಾತ್ರೆ ಅರ್ಧಕ್ಕೇ ನಿಂತಿದೆ, ಹೋಗಿ ತೊಳಿ."

ತೊಳೆದೆ. ಸಾರಿನ ತಳ ಹಿಡಿದ ದೊಡ್ಡ ಪಾತ್ರೆ ಸಮೇತ.